ದುರ್ಗಪ್ಪಣ್ಣನ ಆನೆ ಮತ್ತು ಕಾರವಾರದ ಕೋಟು

ಹೊನ್ನಾವರದ ಬಂದರ ರಸ್ತೆಯಲ್ಲಿ ದುರ್ಗಪ್ಪಣ್ಣನ ಹೊಲಿಗೆ ಅಂಗಡಿ. ಒಳಗೆ ಒಂದು ಯಂತ್ರ, ಒಂದು ಬೆಂಚು, ಬೆಂಚಿನ ಮೇಲೆ ಬುದ್ಧಿಬಳದ, ಅಂದರೆ ಚದುರಂಗದ, ಹಲಗೆ, ಗೋಡೆಯ ಮೊಳೆಗೆ ಒಂದು ಕಪ್ಪು ಕೋಟು. ಆ ಕೋಟನ್ನು ಅವನು ತನಗಾಗಿಯೇ ಹೊಲಿದುಕೊಂಡದ್ದು ಐವತ್ತನಾಲ್ಕರಲ್ಲಿ, ಕಾರವಾರದ ಜಿಲ್ಲಾ ಬುದ್ಧಿಬಳ ಪಂದ್ಯಕ್ಕೆ ಹೋಗುವಾಗ ಹಾಕಲು. ನಾನು ತಾಲೂಕು ಕಚೇರಿಗೆ ಕಾರಕೂನನಾಗಿ ಬಂದದ್ದು ಅರವತ್ತರಲ್ಲಿ. ಆಗಲೂ ಕೋಟು ಮೊಳೆಯಲ್ಲೇ ಇತ್ತು.

ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಸೇರಿ ಒಂದು ತಂಡ. ಅದರಲ್ಲಿ ಹೊನ್ನಾವರಕ್ಕೆ ಒಂದೇ ಜಾಗ. ಪ್ರತಿ ವರ್ಷ ಆ ಜಾಗ ಯಾರಾದರೂ ವಕೀಲರಿಗೋ ಮಾಸ್ತರರಿಗೋ ಹೋಗುತ್ತಿತ್ತು. ದರ್ಜಿಗೆ ಕಾರವಾರದಲ್ಲಿ ಎಂತ ಕೆಲಸ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅವನ ಹೆಸರು ಬರೆದುಕೊಳ್ಳಲು ಮರೆಯುತ್ತಿದ್ದರು, ಅಷ್ಟೆ. ಅರವತ್ತೊಂದರಲ್ಲಿ ಹೋಗಬೇಕಿದ್ದ ವಕೀಲರಿಗೆ ಬೆನ್ನುನೋವು ಬಂತು. ಆಡಬಲ್ಲವರಲ್ಲಿ ಉಳಿದವರು ಇಬ್ಬರೇ: ದುರ್ಗಪ್ಪಣ್ಣ ಮತ್ತು ನಾನು. ವಾಚನಾಲಯದಲ್ಲಿ ಭಾನುವಾರ ಒಂದೇ ಆಟ, ಗೆದ್ದವನು ಕಾರವಾರಕ್ಕೆ ಎಂದು ತೀರ್ಮಾನವಾಯಿತು.

ಆಗ ನನ್ನ ವಯಸ್ಸು ಇಪ್ಪತ್ಮೂರು. ಗೆಲ್ಲುವುದು ನಾನೇ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಸಂಬಳ ಬಂದ ದಿನವೇ ಕಪ್ಪು ಬಟ್ಟೆ ತಂದು, ದುರ್ಗಪ್ಪಣ್ಣನ ಅಂಗಡಿಗೇ ಹೋಗಿ, "ಕಾರವಾರಕ್ಕೆ ಹೋಗೂಕೆ ಒಂದು ಪ್ಯಾಂಟು ಬೇಕಿತ್ತು" ಎಂದೆ. ಇಷ್ಟು ನಾಚಿಕೆಗೆಟ್ಟ ಮಾತನ್ನು ಆಮೇಲೆ ನಾನು ಆಡಿಲ್ಲ.

ಅವನು ಮುಖ ಎತ್ತದೆ ಟೇಪು ಹಿಡಿದು ನನ್ನ ಸೊಂಟ ಅಳೆದ. "ಆತು. ಅಳತೆ ತಕ್ಕಂಡೆ. ಕುತ್ಕ, ಒಂದು ಆಟ ಆಡ್ವ."

ಆ ದಿನ ನಾನೊಂದು ವಿದ್ಯೆ ತೋರಿಸಬೇಕೆಂದಿದ್ದೆ. ಎದುರಾಳಿಯ ಪ್ಯಾದೆಗಳು ಆಟದ ಶುರುವಿನಲ್ಲಿ ನಿಂತಿರುತ್ತವಲ್ಲ, ನಮ್ಮ ಕಡೆಯಿಂದ ಎಣಿಸಿದರೆ ಅದು ಏಳನೇ ಸಾಲು. ಅಲ್ಲಿಗೆ ಆನೆ ನುಗ್ಗಿಸಿದರೆ ಒಂದು ಪ್ಯಾದೆ ಹೋದರೂ ಚಿಂತೆಯಿಲ್ಲ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೆ. ಹಾಗೆಯೇ ಒಂದು ಪ್ಯಾದೆ ಕೊಟ್ಟು ಆನೆಯನ್ನು ಏಳನೇ ಸಾಲಿಗೆ ಹೊಗಿಸಿ ಬೆನ್ನು ನೆಟ್ಟಗೆ ಮಾಡಿ ಕೂತೆ.

ದುರ್ಗಪ್ಪಣ್ಣ ಹಲಗೆಯನ್ನು ನೋಡಿದ, ನನ್ನನ್ನು ನೋಡಿದ. ಒಳಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದ ಹೆಂಡತಿಯನ್ನು ಕರೆದ. "ಮಾದೇವಿ, ಇಲ್ಲಿ ಬಾ. ಈ ತಮ ನೆಂಟರ ಮನೆಗೆ ಹೋಗಿದ್ದ ನೋಡು."

"ಯಾರ ಮನೆಗೆ?" ಎಂದಳು ಮಾದೇವಿ.

"ನಮ್ಮ ಮನೆಗೇ. ಅಲ್ಲ ತಮಾ, ನೆಂಟರ ಮನೆಗೆ ಹೋಗೂಕೆ ಮುಂಚೆ ಎಂತ ನೋಡ್ಬೇಕು? ಯಜಮಾನ ಮನೇಲಿ ಇದ್ನ ಇಲ್ವಾ ನೋಡ್ಬೇಕು. ನನ್ನ ರಾಜ ಆಗ್ಲೇ ಹೊರಬಿದ್ದು ಹಲಗೆಯ ನಡುವೆ ತಿರುಗಾಡ್ತಾ ಇದ್ದ. ನೀನು ಬಾಗಿಲು ಕಾದು ಯಾರ್ನ ಹಿಡಿತೆ?"

ಹೌದು, ಅವನ ರಾಜ ಕಡೆಯ ಸಾಲಿನಲ್ಲಿ ಇರಲೇ ಇಲ್ಲ.

"ಊಟಕ್ಕೆ ಎಂತಾದ್ರೂ ಇತ್ತಾ? ನನ್ನ ಪ್ಯಾದೆ ಎಲ್ಲಾ ಮುಂದೆ ಹೋದ್ವು. ಆ ಸಾಲಲ್ಲಿ ತಿನ್ನೂಕೆ ಒಂದು ಕಾಳೂ ಇಲ್ಲ. ಮತ್ತೆ ಈಗ ನೋಡು," ಎಂದು ತನ್ನ ಆನೆಯನ್ನು ತಂದು ನನ್ನ ಆನೆಯ ಎದುರಿಗೇ ಇಟ್ಟ. ಅದಕ್ಕೆ ಅವನ ರಾಜನ ಬೆಂಬಲವೂ ಇತ್ತು. "ಹೊರಗೆ ಹಾಕೂಕೆ ಜನವೂ ಇದ್ರು. ಒಂದು ಪ್ಯಾದೆ ಕೊಟ್ಟು ಖಾಲಿ ಮನೆಗೆ ಹೋಗಿ ಬಂದಂಗಾತು."

"ಇವ್ರಿಗೆ ಆ ಲೆಕ್ಕ ಚಲೋ ಗೊತ್ತಿತ್ತು ತಮಾ," ಎಂದಳು ಮಾದೇವಿ. "ಮೀನು ಸಾರಿನ ವಾಸನೆ ಬರ್ದೆ ಯಾರ ಮನೆ ಮೆಟ್ಟಲೂ ಹತ್ತೂದಿಲ್ಲ."

ಆ ಆಟ ನಾನು ಸೋತೆ. ಆದರೆ ಪಾಠ ತಲೆಗೆ ಹತ್ತಿತು ಎಂದು ಸಮಾಧಾನ ಮಾಡಿಕೊಂಡೆ. ಯಜಮಾನ, ಊಟ, ಹೊರಗೆ ಹಾಕುವವರು ಎಂದು ಕಚೇರಿಯ ಕಡತಗಳ ನಡುವೆಯೂ ಬಾಯಿಪಾಠ ಮಾಡಿದೆ. ನಾನು ನೆಂಟನಾಗುವುದನ್ನು ಮಾತ್ರ ಕಲಿತಿದ್ದೆ. ನನ್ನ ಮನೆಗೇ ನೆಂಟ ಬಂದರೆ ಎಂಬ ಯೋಚನೆ ಬರಲೇ ಇಲ್ಲ.

ಭಾನುವಾರ ಕುಮಟೆಯಿಂದ ಜಟ್ಟಿ ಮಾಸ್ತರರು ತೀರ್ಪು ಹೇಳುವ ಪಂಚರಾಗಿ ಬಂದರು. ದುರ್ಗಪ್ಪಣ್ಣನಿಗೆ ಬಿಳಿ, ನನಗೆ ಕಪ್ಪು. ಮೊದಲ ನಡೆಗೆ ಮುಂಚೆ ಅವನು ತನ್ನ ಹದಿನಾರು ಕಾಯಿಗಳನ್ನೂ ಒಂದೊಂದಾಗಿ ಮುಟ್ಟಿ ಮನೆಯ ನಡುವೆ ಸರಿಮಾಡಿದ. ಏಳು ವರ್ಷ ಕಾದವನ ಕೈ ಅದು; ನಾನು ಅದನ್ನು ಹೆದರಿಕೆ ಎಂದುಕೊಂಡೆ.

ಎರಡು ಗಂಟೆಯಲ್ಲಿ ಮಂತ್ರಿ, ಒಂಟೆ, ಕುದುರೆ ಎಲ್ಲ ಹೋಗಿ ಇಬ್ಬರಿಗೂ ಎರಡೆರಡು ಆನೆ ಉಳಿದವು. ಅವನದೊಂದು ಆನೆ ಆಗಲೇ ನನ್ನ ಅಂಗಳಕ್ಕೆ, ಅವನ ಏಳನೇ ಸಾಲಿಗೆ, ಬಂದು ಕೂತಿತ್ತು. ನನ್ನ ರಾಜ ಕೋಟೆ ಕಟ್ಟಿ ಕಡೆಯ ಸಾಲಿನಲ್ಲಿ. ಆ ರಾಜನ ಮಗ್ಗುಲಿಗೆ ನನ್ನದೊಂದು ಆನೆ. ಮುಂದೆ ಎರಡು ಪ್ಯಾದೆ. ಆ ಆನೆಯ ಮುಂದಿದ್ದ ಪ್ಯಾದೆಯನ್ನು ನಾನು ಬಹಳ ಠೀವಿಯಿಂದ ಒಂದು ಮನೆ ಮುಂದೆ ತಳ್ಳಿದ್ದರಿಂದ ಏಳನೇ ಸಾಲು ಆ ಎರಡು ಪ್ಯಾದೆಗಳ ತನಕ ಗುಡಿಸಿಟ್ಟ ಹಾಗೆ ಖಾಲಿಯಾಗಿತ್ತು. ನನ್ನ ಇನ್ನೊಂದು ಆನೆ ದೂರದಿಂದ ಅವನ ಒಂದು ಪ್ಯಾದೆಯ ಮೇಲೆ ಕಣ್ಣಿಟ್ಟಿತ್ತು. ಅದನ್ನು ಕಾಯುತ್ತಿದ್ದದ್ದು ಅವನ ಎರಡನೇ ಆನೆ.

ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಆ ಎರಡನೇ ಆನೆಯನ್ನು ಪಕ್ಕದ ಖಾಲಿ ನೆಟ್ಟನೆಯ ಸಾಲಿಗೆ ಸರಿಸಿದ. ಪ್ಯಾದೆ ಅನಾಥವಾಯಿತು.

"ದುರ್ಗಪ್ಪಣ್ಣ, ಪ್ಯಾದೆ ಹೋಗ್ತಿತ್ತಲ್ಲ?" ಎಂದೆ, ಕನಿಕರ ತೋರಿಸುತ್ತ.

"ಹೋದ್ರೆ ಹೋಗ್ಲಿ ಮಾರಾಯ."

ಕಾರಕೂನನ ಬುದ್ಧಿ, ಸಿಕ್ಕಿದ್ದನ್ನು ಬಿಡುವುದು ಹೇಗೆ? ಹೊಡೆದೆ. ಆ ಕ್ಷಣವೇ ಅವನ ಎರಡನೇ ಆನೆ ಸರಕ್ಕನೆ ಏಳನೇ ಸಾಲಿಗೆ ಬಂದು ಮೊದಲನೆಯದರ ಪಕ್ಕ ನಿಂತಿತು. ಈಗ ನೆಂಟರು ಇಬ್ಬರು. ಯಜಮಾನ ಮನೆಯಲ್ಲೇ ಇದ್ದ. ಊಟಕ್ಕೆ ಎರಡು ಪ್ಯಾದೆ ಬಡಿಸಿದ್ದವು. ಹೊರಗೆ ಹಾಕಬೇಕಾದ ನನ್ನ ಒಂದು ಆನೆ ದೂರದಲ್ಲಿ ಪ್ಯಾದೆ ತಿಂದು ಬಾಯಿ ಒರೆಸಿಕೊಳ್ಳುತ್ತಿತ್ತು. ಇನ್ನೊಂದು ರಾಜನ ಪಕ್ಕ ನಿಂತು ಅವನು ಓಡುವ ದಾರಿಯನ್ನೇ ಮುಚ್ಚಿತ್ತು.

ಅವನ ರಾಜನಿಗೆ ಒಂದು ಶಹ ಕೊಟ್ಟು ನೋಡಿದೆ. ಅವನ ರಾಜ ಪಕ್ಕಕ್ಕೆ ಸರಿದ. ಅದಕ್ಕೆ ಜಾಗವನ್ನು ಮೊದಲೇ ಮಾಡಿಟ್ಟಿದ್ದ. ದೂರದ ಆನೆಯನ್ನು ಓಡಿಸಿಕೊಂಡು ಮನೆಗೆ ತಂದೆ. ಪ್ರಯೋಜನವಿಲ್ಲ. ಅವನ ಆನೆ ನನ್ನ ರಾಜನ ಮುಂದಿನ ಪ್ಯಾದೆ ಹೊಡೆದು ಶಹ, ರಾಜ ಮೂಲೆಗೆ. ಅದೇ ಆನೆ ಮೂಲೆಯ ಪ್ಯಾದೆ ಹೊಡೆದು ಮತ್ತೆ ಶಹ. ರಾಜ ಮತ್ತೆ ಹಿಂದಿನ ಮನೆಗೆ. ಇನ್ನೊಂದು ಆನೆ ಬಂದು ಅದರ ಪಕ್ಕ, ನನ್ನ ರಾಜನ ಮೂಗಿನ ಮುಂದೆ ನಿಂತಿತು. ಒಂದನ್ನೊಂದು ಕಾಯುತ್ತಿದ್ದವು, ಯಾವುದನ್ನೂ ಹೊಡೆಯುವ ಹಾಗಿಲ್ಲ.

"ಮಾತ್, ಆಟ ಮುಗೀತು," ಎಂದರು ಜಟ್ಟಿ ಮಾಸ್ತರರು.

ದುರ್ಗಪ್ಪಣ್ಣ ಗೆದ್ದವನ ಹಾಗೆ ಕಾಣಲಿಲ್ಲ. ಬಟ್ಟೆ ತಪ್ಪು ಕತ್ತರಿಸಿದವನನ್ನು ನೋಡುವ ಹಾಗೆ ನನ್ನನ್ನು ನೋಡಿದ. "ಆ ಪ್ಯಾದೆ ಎಂತಕ್ಕೆ ತಿಂದೆ ತಮಾ? ರಾಜನ ಪಕ್ಕದ ಆನೇನ ಒಂದು ಮನೆ ಮುಂದೆ ಇಟ್ಟಿದ್ರೆ ನನ್ನ ಆನೆಗೆ ಎದುರಾತಿತ್ತು. ನಾನು ಸುಮ್ನೆ ಎದ್ದು ಹೋಗ್ಬೇಕಿತ್ತು. ನೀ ಹೊರಗೆ ಹಾಕೂದಿಲ್ಲ ಅಂತ ನೋಡ್ಕಂಡೇ ಪ್ಯಾದೆ ಕೊಟ್ಟದ್ದು."

ಸಂಜೆ ಅಂಗಡಿಯಲ್ಲಿ ಕೋಟು ಮೊಳೆಯಿಂದ ಇಳಿಯಿತು. ತೋಳು ಹೊಕ್ಕಿತು, ಬೆನ್ನು ಹೊಗಲಿಲ್ಲ. ಏಳು ವರ್ಷದ ಮೀನು ಸಾರು ಕೋಟಿಗೆ ಗೊತ್ತಿರಲಿಲ್ಲ. ಅವನು ಗುಂಡಿಯನ್ನು ಎರಡು ಕೈಯಲ್ಲಿ ಎಳೆದ, ಉಸಿರು ಹಿಡಿದ, ಬಿಟ್ಟ. ಬೆಂಚಿನ ಮೇಲೆ ಕೂತುಬಿಟ್ಟ. ಮಾದೇವಿ ನಗಲಿಲ್ಲ. ಬಸ್ಸು ಬೆಳಿಗ್ಗೆ ಇತ್ತು.

ನಾನು ತಲೆ ತಗ್ಗಿಸಿ ಮನೆಗೆ ಬಂದೆ.

ಮರುದಿನ ಬಸ್ಸಿನ ಹತ್ತಿರ ಹೋದಾಗ ದುರ್ಗಪ್ಪಣ್ಣ ಕೋಟು ಹಾಕಿ, ಎಲ್ಲ ಗುಂಡಿ ಹಾಕಿ, ಕಿಟಕಿಯ ಪಕ್ಕ ಕೂತಿದ್ದ. ಬೆನ್ನಿನ ನಡುವೆ ಕತ್ತಿನಿಂದ ಕೆಳತನಕ ಒಂದು ಪಟ್ಟಿ ಸೇರಿತ್ತು. ಅದೂ ಕಪ್ಪೇ, ಆದರೆ ಹೊಸ ಕಪ್ಪು. ನನ್ನ ಕಪ್ಪು.

"ನಿನ್ನ ಪ್ಯಾಂಟು ಮಾದೇವಿ ಹತ್ರ ಇತ್ತು," ಎಂದು ಕಿಟಕಿಯಿಂದ ಕೂಗಿದ. "ಕಾಲು ಸ್ವಲ್ಪ ಗಿಡ್ಡ ಆತು. ನೀ ಕಾರವಾರಕ್ಕೆ ಹೋಗೂದಿಲ್ಲವಲ್ಲ, ಕಚೇರಿಲಿ ಮೇಜಿನ ಅಡಿಗೆ ಯಾರೂ ನೋಡೂದಿಲ್ಲ."

ಬಸ್ಸು ಹೊರಟಿತು. ಆ ಪ್ಯಾಂಟನ್ನು ನಾನು ನಾಲ್ಕು ವರ್ಷ ಹಾಕಿದೆ, ಕಣಕಾಲು ಕಾಣುವ ಹಾಗೆ.