ತಟ್ಟೆ ಹಿಂದಕ್ಕೆಳೆದ ಹುಡುಗಿ

ವಿಡಿಯೊ ಎಡಿಟ್ ಮಾಡುವವರಿಗೆ ಬುದ್ಧಿ ಹೇಳಲು ಯಾವ ಅರ್ಹತೆಯೂ ಬೇಕಿಲ್ಲ. ಹೊನ್ನಾಳಿಯ ನಮ್ಮ ಸ್ಟುಡಿಯೊದಲ್ಲಿ ಕ್ಯಾಮೆರಾ ನನ್ನ ಗಂಡನದು, ಕಂಪ್ಯೂಟರ್ ನನ್ನದು, ಸಲಹೆ ಮಾತ್ರ ಊರವರದು. ಮದುಮಗನ ಸೋದರಮಾವ ಬೆನ್ನ ಹಿಂದೆ ನಿಂತು, "ಇಲ್ಲೊಂದು ಗುಲಾಬಿ ಹೂವು ತಿರುಗಲಿ ಬಿಡ್ರಿ" ಅನ್ನುತ್ತಾನೆ. ತಿರುಗಿಸುತ್ತೇನೆ. ಹೊಟ್ಟೆಪಾಡು.

ಹೀಗಿದ್ದಾಗ ಚನ್ನಗಿರಿಯ ಕಾಲೇಜೊಂದರ ಉಪನ್ಯಾಸಕರು ಬಂದರು. ಗೋವಿನಕೋವಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸಿನ ಬಗ್ಗೆ ಏಳು ನಿಮಿಷದ ಸಾಕ್ಷ್ಯಚಿತ್ರ ಮಾಡಬೇಕು, ಸ್ಪರ್ಧೆಗೆ ಕಳಿಸಬೇಕು ಎಂದರು. ಆಕೆಯ ಮನೆಯವರು ಬೌದ್ಧರು. ಊರಿನವರ ಬಾಯಲ್ಲಿ ಮಾತ್ರ ಇನ್ನೂ ಹಳೆಯ ಕೇರಿಯ ಹೆಸರೇ. ಸ್ಪರ್ಧೆಗೆ ಕಳಿಸುವ ಮೊದಲು ಶಾಲೆಯ ಪೋಷಕರ ಸಭೆಯಲ್ಲಿ ತೋರಿಸಬೇಕು ಎಂದು ಮುಖ್ಯೋಪಾಧ್ಯಾಯರು ಷರತ್ತು ಹಾಕಿದ್ದರು. ಗುಲಾಬಿ ಹೂವಿನ ಕಾಟ ತಪ್ಪಿತಲ್ಲ ಎಂದು ನಾನು ಖುಷಿಯಿಂದಲೇ ಒಪ್ಪಿಕೊಂಡೆ.

ನನ್ನ ಗಂಡ ಮೂರು ದಿನ ಚಿತ್ರೀಕರಿಸಿ ತಂದಿದ್ದರಲ್ಲಿ ಅರ್ಧಕ್ಕರ್ಧ ಫೋಕಸ್ ಇಲ್ಲ. ಕೇಳಿದರೆ, "ಹೊಗೆ ಇತ್ತು ಕಣೇ" ಎಂಬ ಉತ್ತರ. ಗ್ಯಾಸ್ ಒಲೆಯಲ್ಲಿ ಎಲ್ಲಿಯ ಹೊಗೆ? ಹಾಳಾಗಿ ಹೋಗಲಿ ಎಂದು ಸ್ಪಷ್ಟವಾಗಿದ್ದ ತುಣುಕುಗಳನ್ನಷ್ಟೇ ಆರಿಸಿಕೊಂಡೆ. ಬಡಿಸುವ ದೃಶ್ಯಕ್ಕೆ ಮೂರು ಶಾಟು ಸಿಕ್ಕವು. ಆಕೆಯ ಕೈ ಅನ್ನದ ಸೌಟು ಹಿಡಿದು ಮುಂದೆ ಬರುವುದು ಒಂದು. ಒಬ್ಬ ಹುಡುಗಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದು, ತಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇನ್ನೊಂದು. ಅಡುಗೆಯಾಕೆ ಸುಮ್ಮನೆ ಎತ್ತಲೋ ನೋಡುತ್ತ ನಿಂತಿರುವ ಮುಖ ಮೂರನೆಯದು.

ಮೂರನ್ನೂ ಎರಡೆರಡು ಸೆಕೆಂಡಿಗೆ ಕತ್ತರಿಸಿ ಜೋಡಿಸಿದೆ. ಏನೂ ಅನ್ನಿಸಲಿಲ್ಲ. ಊಟದ ಹೊತ್ತು, ಅಷ್ಟೇ.

"ಸಪ್ಪೆ, ಮೇಡಂ" ಎಂದರು ಉಪನ್ಯಾಸಕರು. "ಏನೋ ಬೇಕು." ಏನು ಬೇಕು ಎಂದು ಅವರಿಗೂ ಗೊತ್ತಿಲ್ಲ. ಬೆಳಿಗ್ಗೆಯಿಂದ ನಾಲ್ಕು ಸಲ ಕರೆಂಟ್ ಹೋಗಿತ್ತು, ಜಗಳೂರಿನ ಬೀಗರೊಬ್ಬರು ಆಲ್ಬಮ್ ಎಲ್ಲಿ ಎಂದು ಗಂಟೆಗೊಮ್ಮೆ ಫೋನ್ ಮಾಡುತ್ತಿದ್ದರು. ಸಿಟ್ಟಿನಲ್ಲೇ ಸೌಟಿನ ಶಾಟನ್ನು ಒಂದು ಸೆಕೆಂಡಿಗೆ ಇಳಿಸಿದೆ. ಹುಡುಗಿಯದನ್ನು ಇನ್ನೂ ಚಿಕ್ಕದು ಮಾಡಿದೆ. ಮುಖವನ್ನು ಮಾತ್ರ ನಾಲ್ಕು ಸೆಕೆಂಡು ಹಾಗೇ ಬಿಟ್ಟೆ. ಮಕ್ಕಳ ಗದ್ದಲವನ್ನು ಮೊದಲೆರಡು ಶಾಟಿನ ಕೆಳಗೆ ಒಂದೇ ಸಮನೆ ಹಾಸಿ, ಮುಖ ಬರುತ್ತಿದ್ದಂತೆ ದನಿ ಇಳಿಸಿದೆ.

ಪ್ಲೇ ಒತ್ತಿದೆ. ಸೌಟು, ತಟ್ಟೆ, ಮುಖ. ನನ್ನ ಮೈ ಜುಮ್ಮೆಂದಿತು. ಆಕೆಯ ಕೈಯ ಅನ್ನ ಬೇಡ ಎಂದು ಮಗು ತಟ್ಟೆ ಎಳೆದುಕೊಂಡಿದೆ, ಆಕೆ ಅದನ್ನು ನುಂಗಿಕೊಂಡು ನಿಂತಿದ್ದಾಳೆ. ಒಂದು ಮಾತಿಲ್ಲದೆ ಎಲ್ಲ ಗೊತ್ತಾಗುತ್ತಿತ್ತು. ಉಪನ್ಯಾಸಕರು ಕುರ್ಚಿಯಿಂದ ಎದ್ದೇ ಬಿಟ್ಟರು. "ಇದು! ಇದಕ್ಕೇ ಬಹುಮಾನ ಬರೋದು!" ಎಂದರು. ನಾನೂ ಉಬ್ಬಿದೆ. ಸುಳ್ಳು ಯಾಕೆ ಹೇಳಲಿ?

ಪೋಷಕರ ಸಭೆಗೆ ಮೂರು ದಿನ ಮುಂಚೆ ಅಡುಗೆಯಾಕೆಯೇ ಬಸ್ಸು ಹಿಡಿದು ನೋಡಲು ಬಂದರು. ಉಪನ್ಯಾಸಕರೂ ಇದ್ದರು. ಮೊದಲಿನ ನಿಮಿಷ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆ ದೃಶ್ಯ ಬಂದಾಗ ನಗು ನಿಂತಿತು.

"ಅದನ್ನ ಮತ್ತೊಂದು ಸಲ ಹಾಕ್ರಿ, ಅಕ್ಕಾರೆ" ಎಂದರು. ಹಾಕಿದೆ.

"ಅದು ಮೊಟ್ಟೆ ಕೊಟ್ಟ ದಿನ. ಆ ಹುಡುಗಿ ಮೊಟ್ಟೆ ತಿನ್ನಲ್ಲ. ತಿನ್ನದೇ ಇರೋರಿಗೆ ಬಾಳೆಹಣ್ಣು ಐತೆ. ನಾನು ಮರೆತು ಮೊಟ್ಟೆ ಹಾಕಾಕೆ ಹೋದೆ, ಅವಳು ಕೈ ಅಡ್ಡ ಹಿಡಿದ್ಲು. ಅನ್ನದ ಸೌಟು ಎಲ್ಲಿಂದ ಬಂತು ಇಲ್ಲಿ?"

"ಸೌಟು ಹಿಂದಿನ ದಿನದ್ದು" ಎಂದೆ.

ಮೂಲ ತುಣುಕು ತೆಗೆದು ನೋಡಿದೆ. ಹುಡುಗಿಯ ಶಾಟಿನ ಮೊದಲ ಹದಿನೆಂಟು ಫ್ರೇಮಿನಲ್ಲಿ ಮಸುಕು ಮಸುಕಾಗಿ ಆಕೆಯ ಬೆರಳು, ಬೆರಳಲ್ಲೊಂದು ಮೊಟ್ಟೆ. ಫೋಕಸ್ ಇಲ್ಲ ಎಂದು ನಾನೇ ಕತ್ತರಿ ಹಾಕಿದ್ದೆ. ಕೊನೆಯಲ್ಲಿ ಇಬ್ಬರೂ ನಗುತ್ತಾರೆ, ಹುಡುಗಿ ಎದ್ದು ಬಾಳೆಹಣ್ಣಿನ ಬುಟ್ಟಿಯತ್ತ ಓಡುತ್ತಾಳೆ. ಕ್ಯಾಮೆರಾ ಅಲುಗಿದೆ ಎಂದು ಅದನ್ನೂ ತೆಗೆದಿದ್ದೆ. ಗಂಡನ ಮೇಲೆ ಎಲ್ಲಿಲ್ಲದ ಕೋಪ ಬಂತು. ಅವರನ್ನು ಬೈದರೆ ನನ್ನ ತಪ್ಪು ಹೋಗುತ್ತದೆಯೇ?

"ಮತ್ತೆ ಆ ಮುಖ?" ಎಂದು ಕೇಳಿದೆ.

"ಗ್ಯಾಸ್ ಆಫ್ ಮಾಡೀನೋ ಇಲ್ವೋ ಅಂತ ಯೋಚನೆ ಮಾಡ್ತಿದ್ದೆ."

ಉಪನ್ಯಾಸಕರು ಬಿಡಲಿಲ್ಲ. "ಅಮ್ಮಾ, ಈ ಹುಡುಗಿ ಮಾಡದಿದ್ದರೂ ಎಷ್ಟೋ ಕಡೆ ನಡೆಯೋದು ನಿಜ ತಾನೆ? ನಿಮಗೆ ನಡೆದಿಲ್ವಾ?" ಎಂದರು. ನನಗೆ ಅವರ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸಿತು.

ಆಕೆ ಅವರನ್ನು ನೋಡಿದರು. "ನಡೆದೈತೆ ಸರ್. ನಾನು ಶಾಲೆಗೆ ಹೋಗೋವಾಗ ನೀರನ್ನ ಮೇಲಿಂದ ಸುರೀತಿದ್ರು. ಅದನ್ನ ಕೇಳ್ರಿ, ಹೇಳ್ತೀನಿ. ಆದರೆ ಅವರು ಮಾಡಿದ್ದನ್ನ ಈ ಕೂಸಿನ ತಲೆಗೆ ಕಟ್ಟಬ್ಯಾಡ್ರಿ. ಇವಳಮ್ಮ ಸಭೇಲಿ ಕೂತಿರ್ತಾಳೆ. ಇದನ್ನ ನೋಡಿದ ಮೇಲೆ ನಾಳೆ ಆ ಕೂಸು ನನ್ನ ಕಣ್ಣು ಹೆಂಗೆ ನೋಡ್ತದೆ? ನನ್ನ ಮುಂದೆ ಉಣ್ಣಾಕೆ ಕೂರ್ತದಾ?"

ಉಪನ್ಯಾಸಕರು ತಕ್ಷಣ ಮೊಬೈಲ್ ತೆಗೆದು, "ಇದನ್ನೇ ಇನ್ನೊಮ್ಮೆ ಹೇಳಿ, ಆ ನೀರಿನ ಮಾತು" ಎಂದರು.

"ಇವತ್ತು ಬ್ಯಾಡ ಸರ್. ಬಸ್ಸು ತಪ್ತದೆ" ಎಂದು ಆಕೆ ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ಆಮೇಲೆ ಕಂಪ್ಯೂಟರಿನ ಮುಂದೆ ಕೂತು ನಾನು ಯೋಚಿಸಿದ್ದು ಇಷ್ಟು. ಸೌಟಿನಲ್ಲಿ ಜಾತಿ ಇರಲಿಲ್ಲ, ತಟ್ಟೆಯಲ್ಲಿ ಇರಲಿಲ್ಲ, ಗ್ಯಾಸಿನ ಚಿಂತೆಯ ಆ ಮುಖದಲ್ಲೂ ಇರಲಿಲ್ಲ. ಎರಡು ಶಾಟಿನ ನಡುವಿನ ಸಂದಿಯನ್ನು ತುಂಬಿದ್ದು ನಾನು. ತವರಿನಲ್ಲಿ ಕೆಲಸದವಳಿಗೆಂದು ಹಿತ್ತಿಲ ಗೂಡಿನಲ್ಲಿ ಬೇರೆಯೇ ಒಂದು ಲೋಟ ಇಟ್ಟಿದ್ದರು. ಅದನ್ನು ಚಿಕ್ಕಂದಿನಿಂದ ನೋಡಿಕೊಂಡು ಬೆಳೆದವಳಿಗೆ ಆ ಅರ್ಥ ಹೊಳೆಯಲು ಒಂದು ಸೆಕೆಂಡೂ ಬೇಕಾಗಲಿಲ್ಲ. ನಾಚಿಕೆಯಾಯಿತು. ಅದನ್ನು ಪ್ರತಿಭೆ ಎಂದುಕೊಂಡು ಉಬ್ಬಿದ್ದೆನಲ್ಲ ಎಂದು ಇನ್ನೂ ನಾಚಿಕೆಯಾಯಿತು.

ಸೌಟನ್ನೂ ಆ ಮುಖವನ್ನೂ ತೆಗೆದೆ. ಹುಡುಗಿಯ ಶಾಟನ್ನು ಮಸುಕು ಮೊಟ್ಟೆಯಿಂದ ಹಿಡಿದು ಬಾಳೆಹಣ್ಣಿನವರೆಗೆ ಎಲ್ಲೂ ಕತ್ತರಿಸದೆ ಹದಿನಾಲ್ಕು ಸೆಕೆಂಡು ಇಟ್ಟೆ. ಫೋಕಸ್ ಇಲ್ಲ, ಅಲುಗಾಟ ಬೇರೆ. ಅವಳು ಕೈ ಅಡ್ಡ ಹಿಡಿದಾಗ ಒಂದು ಗಳಿಗೆ ನೋಡುವವರಿಗೆ ಅದೇ ಹಳೆಯ ಅನುಮಾನ ಬರುತ್ತದೆ. ಶಾಟು ಇನ್ನೂ ನಡೆಯುತ್ತಿರುತ್ತದೆ, ಇಬ್ಬರೂ ನಗುತ್ತಾರೆ, ಅನುಮಾನ ಪಟ್ಟವರು ತಾವೇ ತಲೆ ತಗ್ಗಿಸಬೇಕು. "ಎಲ್ಲ ಕೆಡಿಸಿಬಿಟ್ರಿ" ಎಂದರು ಉಪನ್ಯಾಸಕರು. ನಿಮ್ಮ ಸಿನಿಮಾವನ್ನು ನೀವೇ ಎಡಿಟ್ ಮಾಡಿಕೊಳ್ಳಿ ಎಂದು ಕೀಬೋರ್ಡನ್ನು ಅವರ ಮುಂದೆ ತಳ್ಳಿದೆ. ಅವರಿಗೆ ಬರುತ್ತಿರಲಿಲ್ಲ. ಹಳೆಯ ಜೋಡಣೆಯನ್ನು ಅವರ ಎದುರಿಗೇ ಅಳಿಸಿದೆ.

ಸಭೆಯಲ್ಲಿ ಹೊಸದನ್ನೇ ತೋರಿಸಿ ಸ್ಪರ್ಧೆಗೂ ಕಳಿಸಿದರು, ಬಹುಮಾನ ಬರಲಿಲ್ಲ. ಆ ನಾಲ್ಕು ಸೆಕೆಂಡಿನ ಮುಖ ಇದ್ದಿದ್ದರೆ ಬರುತ್ತಿತ್ತು ಎಂದು ಅವರು ಈಗಲೂ ಸಿಕ್ಕಲ್ಲೆಲ್ಲ ಹೇಳುತ್ತಾರೆ, ಇರಬಹುದು. ಹೋದ ತಿಂಗಳು ಬೇರೆ ಕೆಲಸಕ್ಕೆಂದು ಊಟದ ಹೊತ್ತಿಗೆ ಆ ಶಾಲೆಗೆ ಹೋಗಿದ್ದೆ. ಹುಡುಗಿ ಒಂದು ವರ್ಷದಲ್ಲಿ ಎತ್ತರ ಬೆಳೆದಿದ್ದಳು. ಅಡುಗೆಯಾಕೆ ಸಾರಿನ ಬಕೆಟ್ ಹಿಡಿದು ಬಂದಾಗ, ಮಾತಿನ ನಡುವೆ ತಿರುಗಿಯೂ ನೋಡದೆ, ತಟ್ಟೆಯನ್ನು ಮುಂದಕ್ಕೆ ಚಾಚಿದಳು.