ಹತ್ತು ಪುಟದ ಹುಲ್ಲು, ಏಳು ನಿಮಿಷದ ವೇದಿಕೆ

ಕೊಟ್ಟೂರಿನ ಕಾಲೇಜೊಂದರಲ್ಲಿ ಸ್ಥಳೀಯ ಸಸ್ಯಜ್ಞಾನದ ಬಗ್ಗೆ ಒಂದು ದಿನದ ವಿಚಾರ ಸಂಕಿರಣವಿತ್ತು. ನಾನು ಕೂಡ್ಲಿಗಿ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವಳು. ಕುರಿಗಾರರಿಗೆ ಗೊತ್ತಿರುವ ಹುಲ್ಲುಗಳ ಬಗ್ಗೆ ನಾನು ಬರೆದು ಕಳಿಸಿದ ಪ್ರಬಂಧ ಆಯ್ಕೆಯಾಗಿತ್ತು. ಮಾತಿಗೆ ಹದಿನೈದು ನಿಮಿಷ ಎಂದು ಪತ್ರದಲ್ಲಿತ್ತು. ಮೂವತ್ತೆಂಟು ವರ್ಷಕ್ಕೆ ನನ್ನ ಮೊದಲ ವೇದಿಕೆ ಅದು.

ನನ್ನ ಜೊತೆ ಇಬ್ಬರು ಬಂದಿದ್ದರು. ಒಬ್ಬರು ನಮ್ಮ ಶಾಲೆಯ ಗಣಿತದ ಮೇಷ್ಟ್ರು. ಇನ್ನೊಬ್ಬರು ಗುಡೇಕೋಟೆ ಕಡೆಯ ಕುರಿಗಾರ. ನನಗೆ ಹುಲ್ಲು ಕಲಿಸಿದವರು ಅವರೇ. ಎರಡು ವರ್ಷದ ಭಾನುವಾರಗಳನ್ನೆಲ್ಲ ನಾನು ಅವರ ಕುರಿಗಳ ಹಿಂದೆ ಕಳೆದಿದ್ದೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕೋರೆ ಎನ್ನುತ್ತಿದ್ದರು. ಅವತ್ತು ಕುರಿ ತಮ್ಮನಿಗೆ ಒಪ್ಪಿಸಿ, ತೊಳೆದ ಪಂಚೆ ಉಟ್ಟು, ಕಂಬಳಿ ಮಡಿಸಿ ಹೆಗಲಿಗೆ ಹಾಕಿಕೊಂಡು ಬಂದಿದ್ದರು.

ಉದ್ಘಾಟನೆಗೆ ಬರಬೇಕಾದ ಅತಿಥಿಗಳು ತಡವಾಗಿ ಬಂದರು. ಬಂದ ಮೇಲೆ ಎಲ್ಲರೂ ಮನಸಾರೆ ಮಾತಾಡಿದರು. ಹನ್ನೊಂದೂವರೆಗೆ ಚಹಾ ಕೊಡುವಾಗ, ಸಂಕಿರಣದ ಹೊಣೆ ಹೊತ್ತಿದ್ದ ಅಧ್ಯಾಪಕರು ಕೈಯಲ್ಲಿ ಪಟ್ಟಿ ಹಿಡಿದು ನನ್ನ ಹತ್ತಿರ ಬಂದರು.

"ಮೇಡಂ, ಬೇಜಾರಾಗಬ್ಯಾಡ್ರಿ. ಎಲ್ಲಾರಿಗೂ ಏಳು ನಿಮಿಷ ಮಾಡೀವಿ. ಆರಕ್ಕ ಒಂದು ಗಂಟಿ ಬಾರಸ್ತೀವಿ. ಏಳಕ್ಕ ಮೈಕ್ ಬಂದ್."

"ನನ್ನ ಸರದಿ ಯಾವಾಗ್ರಿ?"

"ಹನ್ನೆರಡೂ ಕಾಲು."

ನಲವತ್ತೈದು ನಿಮಿಷ ಇತ್ತು. ಕೈಯಲ್ಲಿದ್ದ ಚಹಾ ಕುಡಿದೆನೋ ಚೆಲ್ಲಿದೆನೋ ನೆನಪಿಲ್ಲ. ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಪಕ್ಕ ಬೇವಿನ ಮರದ ಕೆಳಗೆ ಕಟ್ಟೆ ಇತ್ತು. ಮೂವರೂ ಅಲ್ಲಿ ಹೋಗಿ ಕೂತೆವು.

"ಹತ್ತೂ ಪುಟ ಬೇಗ ಬೇಗ ಓದಿಬಿಡ್ರಿ ಮೇಡಂ," ಅಂದರು ಮೇಷ್ಟ್ರು.

ಅದನ್ನೂ ನೋಡಿಬಿಡೋಣ ಎಂದು ಮೊದಲ ಪುಟವನ್ನು ಓಡಿಸಿಕೊಂಡು ಓದಿದೆ. ನಾಲಿಗೆ ಎರಡು ಕಡೆ ತೊಡರಿತು. ಪುಟ ಮುಗಿದ ಮೇಲೆ ಅಣ್ಣನ ಮುಖ ನೋಡಿದೆ.

"ಏನ್ ತಿಳೀತಣ್ಣ?"

"ಏನೂ ತಿಳೀಲಿಲ್ರಿ. ಬಸ್ ಸ್ಟ್ಯಾಂಡಿನಾಗ ಕೂಗಿದಂಗಾತು."

ಆಮೇಲೆ ಮೇಷ್ಟ್ರು ಲೆಕ್ಕ ಹಾಕಿದರು. ನನ್ನದು ಹತ್ತು ಪುಟ. ಸಮಾಧಾನವಾಗಿ ಓದಿದರೆ ಪುಟಕ್ಕೆ ಒಂದೂವರೆ ನಿಮಿಷ ಎಂದು ಶಾಲೆಯಲ್ಲೇ ಗಡಿಯಾರ ಹಿಡಿದು ನೋಡಿದ್ದೆವು. ಏಳು ನಿಮಿಷಕ್ಕೆ ನಾಲ್ಕೂವರೆ ಪುಟ. ಮೈಕ್ ಸರಿಮಾಡಿಕೊಳ್ಳಲು, ಉಸಿರು ಎಳೆದುಕೊಳ್ಳಲು ಸ್ವಲ್ಪ ಬಿಡಬೇಕು. "ನಾಕು ಪುಟ ಮೇಡಂ. ಆರು ಪುಟ ಹೋಗಬೇಕು," ಅಂದರು.

ನಾನು ಪೆನ್ನು ತೆಗೆದು ಒಂದೊಂದು ಸಾಲಿನಲ್ಲಿ ಒಂದೊಂದು ಪದ ಹೊಡೆಯಲು ಶುರುಮಾಡಿದೆ. ಹತ್ತು ನಿಮಿಷ ಹಾಗೇ ಹೋಯಿತು, ಅರ್ಧ ಪುಟವೂ ಇಳಿಯಲಿಲ್ಲ. ಉಳಿದದ್ದು ಓದಲು ಒಣಗಿದ ರೊಟ್ಟಿಯಂತಿತ್ತು. ಅಳು ಬರುವ ಹಾಗಾಯಿತು. ಪೆನ್ನು ಕೆಳಗಿಟ್ಟೆ.

ಆಗ ನನಗೆ ನಮ್ಮ ಕ್ಲಾಸು ನೆನಪಾಯಿತು. ಬೆಲ್ ಹೊಡೆಯಲು ಐದೇ ನಿಮಿಷ ಇದ್ದಾಗ ನಾನು ಪಾಠವನ್ನು ಬೇಗ ಬೇಗ ಓದುವುದಿಲ್ಲ. ಮಕ್ಕಳು ಮನೆಗೆ ಹೋಗಿ ಒಂದೇ ಮಾತು ಹೇಳುವುದಾದರೆ ಯಾವುದನ್ನು ಹೇಳಬೇಕು, ಅದನ್ನು ಹಿಡಿಯುತ್ತೇನೆ. ಇಲ್ಲೂ ಹಾಗೇ ಮಾಡಬಾರದೇಕೆ? ಪುಟಗಳನ್ನು ಮಗುಚಿಹಾಕಿ, ಖಾಲಿ ಹಾಳೆಯ ಮೇಲೆ ಒಂದು ವಾಕ್ಯ ಬರೆದೆ: ಕುರಿಗಾರ ಹುಲ್ಲಿನ ಹೆಸರನ್ನಷ್ಟೇ ಅಲ್ಲ, ಅದರ ವಯಸ್ಸನ್ನೂ ನೋಡಿ ಕುರಿ ಬಿಡುತ್ತಾನೆ.

ಆ ವಾಕ್ಯ ಕೈಗೆ ಬಂದ ಮೇಲೆ ಕೆಲಸ ಓಡತೊಡಗಿತು. ಒಂದೊಂದು ಪುಟವನ್ನೂ ಎತ್ತಿ, ಇದು ಆ ಮಾತಿಗೆ ಬೇಕೋ ಬೇಡವೋ ಎಂದು ಕೇಳುವುದು. ಮೊದಲ ಪುಟದ ವಂದನೆ, ನಮ್ಮ ಸೀಮೆಯ ಭೂಗೋಳ: ಬೇಡ. ಕೇಳುವವರೆಲ್ಲ ಇಲ್ಲಿಯವರೇ. ಎರಡು ಮತ್ತು ಮೂರನೆಯ ಪುಟದಲ್ಲಿ ನಾನು ಹೇಗೆ ತಿರುಗಿದೆ, ಯಾರನ್ನು ಕೇಳಿದೆ ಎಂಬುದಿತ್ತು. ಅದು ಎರಡು ಸಾಲಾಯಿತು. ಹೇಗೆ ತಿಳಿದುಕೊಂಡೆ ಎಂದು ಹೇಳದಿದ್ದರೆ ಯಾರೂ ನಂಬುವುದಿಲ್ಲ, ಹಾಗಾಗಿ ಆ ಎರಡು ಸಾಲು ಬಿಡುವಂತಿರಲಿಲ್ಲ.

ನಾಲ್ಕು ಮತ್ತು ಐದನೆಯ ಪುಟ ಹುಲ್ಲುಗಳ ಪಟ್ಟಿ. ಅದಕ್ಕೆ ಅಡ್ಡಗೆರೆ ಎಳೆಯುವಾಗ ಅಣ್ಣ ಬಗ್ಗಿ ನೋಡಿದರು. ಅವರಿಗೆ ನಿಧಾನವಾಗಿ ಓದಲು ಬರುತ್ತಿತ್ತು.

"ಅಕ್ಕೋರೆ, ಹೆಸರೆಲ್ಲಾ ತಗದ್ರಿ? ನಾನು ಒಂದೊಂದು ಕಿತ್ತು ಕಿತ್ತು ಕೊಟ್ಟಿದ್ದೆ."

"ಓದಾಕ ಮೂರು ನಿಮಿಷ ಬೇಕಣ್ಣ. ಇರೋದು ಏಳು."

ಅವರು ಕಂಬಳಿ ಸರಿಮಾಡಿಕೊಂಡು ಆಚೆ ನೋಡಿದರು. ನನ್ನ ಎದೆಗೆ ಚುಚ್ಚಿತು. ಸ್ವಲ್ಪ ಹೊತ್ತಾದ ಮೇಲೆ ಹೊಳೆಯಿತು: ಪಟ್ಟಿಯನ್ನು ಓದಬೇಕಾಗಿಲ್ಲ. ಅದು ನನ್ನ ಸ್ಲೈಡಿನಲ್ಲಿತ್ತು. ಮಾತು ಮುಗಿದ ಮೇಲೆ ಪ್ರಶ್ನೆಗಳು ನಡೆಯುವಾಗ ಪರದೆ ಹೇಗಿದ್ದರೂ ಖಾಲಿ. ಅದನ್ನು ಕೊನೆಯ ಸ್ಲೈಡು ಮಾಡಿಬಿಟ್ಟರೆ ಒಂದು ಸೆಕೆಂಡೂ ಖರ್ಚಿಲ್ಲ.

"ನಾನು ಇಳಿಯೋ ತನಕ ಅವು ಪರದಿ ಮ್ಯಾಲೆ ಇರ್ತಾವಣ್ಣ. ಕೆಳಗ ನಿಮ್ಮ ಹೆಸರೂ ಇರ್ತೈತಿ."

"ಹಂಗಾದ್ರ ಆತು ಬಿಡ್ರಿ," ಅಂದು ಅವರು ನನ್ನ ಕಡೆ ತಿರುಗಿ ಕೂತರು.

ಆರನೆಯ ಪುಟ ನನ್ನ ಕರುಳಿನದು. ಒಂದೇ ಹುಲ್ಲಿಗೆ ಗುಡೇಕೋಟೆಯಲ್ಲಿ ಒಂದು ಹೆಸರು, ತುಂಗಭದ್ರೆಯ ದಂಡೆಯ ಮಾಗಳದಲ್ಲಿ ಇನ್ನೊಂದು, ಬಾಗಳಿಯಲ್ಲಿ ಮತ್ತೊಂದು. ಆ ಮೂರೂ ಊರಿಗೆ ಬಸ್ಸು ಹಿಡಿದು ಹೋಗಿ ಹುಡುಕಿದ್ದೆ. ಓದಿದರೆ ಜನ ಖಂಡಿತ ಖುಷಿಪಡುತ್ತಿದ್ದರು. ಆದರೆ ಅದು ಹೆಸರಿನ ಮಾತು, ವಯಸ್ಸಿನ ಮಾತಲ್ಲ. ಎರಡು ಸಲ ಪಕ್ಕಕ್ಕಿಟ್ಟು ಎರಡು ಸಲ ವಾಪಸ್ ತಂದೆ. ಮೂರನೆಯ ಸಲ ಮಡಚಿ ಚೀಲದೊಳಗೆ ಹಾಕಿದೆ.

ಹತ್ತನೆಯ ಪುಟ ಪಶುಸಂಗೋಪನೆ ಇಲಾಖೆಗೆ ಸಲಹೆಗಳು, ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟೆ. ಉಳಿದವು ಏಳು, ಎಂಟು, ಒಂಬತ್ತನೆಯ ಪುಟ. ಅವನ್ನು ಅಕ್ಕಪಕ್ಕ ಇಟ್ಟಾಗ ಮೈ ಜುಂ ಅಂದಿತು. ಏಳು, ಎಂಟರಲ್ಲಿ ಅಣ್ಣನವರು ಸೂಜಿಹುಲ್ಲು ಎನ್ನುವ ಹುಲ್ಲಿನ ಕಥೆ. ಎಳೆಯದಿದ್ದಾಗ ಕುರಿಗೆ ಒಳ್ಳೆಯ ಮೇವು. ಬಲಿತು ಬೀಜ ಕಟ್ಟಿತೆಂದರೆ ಅದರ ಚೂಪು ತುದಿ ಉಣ್ಣೆಯೊಳಗೆ ನುಗ್ಗಿ ಚರ್ಮಕ್ಕೇ ನಾಟುತ್ತದೆ. ಒಂಬತ್ತರಲ್ಲಿ ಜೋಳದ ಕಥೆ. ಕೊಯ್ದ ಹೊಲದಲ್ಲಿ ಬುಡದಿಂದ ಮತ್ತೆ ಒಡೆಯುವ ಎಳೆ ಚಿಗುರು ಕುರಿಗೆ ವಿಷ. ಬಲಿತು ಒಣಗಿದ ಜೋಳದ ಸೊಪ್ಪೆಯೋ ಒಳ್ಳೆಯ ಮೇವು. ಒಂದು ಎಳೆಯದಾದರೆ ಒಳ್ಳೆಯದು, ಬಲಿತರೆ ಕೆಟ್ಟದ್ದು. ಇನ್ನೊಂದು ಅದರ ತಿರುಗುಮುರುಗು! ಹತ್ತು ಪುಟದ ಗದ್ದಲದಲ್ಲಿ ಅವು ಬೆನ್ನಿಗೆ ಬೆನ್ನು ತಿರುಗಿಸಿ ಕೂತಿದ್ದವು. ಎರಡು ವರ್ಷ ಬರೆದು ತಿದ್ದಿದ ನಾನೇ ಈ ಜೋಡಿಯನ್ನು ನೋಡಿರಲಿಲ್ಲ. ಸುತ್ತಲಿನದು ಹೋದ ಮೇಲೆ ಕಣ್ಣಿಗೆ ಬಿತ್ತು.

"ಮೇಷ್ಟ್ರೇ, ಇದು ಸಣ್ಣದಾಗಿಲ್ರಿ, ಚಲೋ ಆಗೇತಿ!" ಅಂದೆ. ಅವರು ಆಗಲೇ ಫೋನಿನಲ್ಲಿ ಗಡಿಯಾರ ಒತ್ತಿದ್ದರು. "ಓದ್ರಿ, ಓದ್ರಿ."

ಎದ್ದು ನಿಂತು, ದನಿ ಬಿಟ್ಟು ಓದಿದೆ. ಏಳು ನಿಮಿಷ ನಲವತ್ತು ಸೆಕೆಂಡು. ಮತ್ತೆ ಪದ ಕೀಳುವ ತಪ್ಪು ಮಾಡಲಿಲ್ಲ. ನಾನು ಜಾಲಿಮುಳ್ಳಿನಲ್ಲಿ ಬಿದ್ದು ಸೀರೆ ಹರಿದುಕೊಂಡ ಪ್ರಸಂಗವೊಂದು ಉಳಿದುಬಿಟ್ಟಿತ್ತು, ಜನ ನಗಲಿ ಎಂದು ಹಾಕಿದ್ದು. ಅದನ್ನು ಇಡಿಯಾಗಿ ತೆಗೆದೆ. ಇಲಾಖೆಗೆ ಬರೆದಿದ್ದ ಐದು ಸಲಹೆಗಳಲ್ಲಿ ಒಂದನ್ನು ಉಳಿಸಿಕೊಂಡೆ. ಎರಡನೆಯ ಸಲ ಆರು ಮೂವತ್ತೈದು.

ಒಂದು ವಿಷಯ ಬಾಕಿ ಇತ್ತು. ಸೂಜಿಹುಲ್ಲಿನ ಬೀಜಕ್ಕೆ ಉದ್ದನೆಯ ತಿರುಚಿದ ಬಾಲ ಇರುತ್ತದೆ. ನೀರು ತಾಗಿದರೆ ಆ ಬಾಲ ತಾನೇ ತಿರುಗುತ್ತದೆ, ಬೀಜವನ್ನು ನೆಲಕ್ಕೆ ಕೊರೆಯುತ್ತದೆ. ಅದನ್ನು ತೋರಿಸಲು ಒಂದು ಕಟ್ಟು ಒಣ ಬೀಜ ತಂದಿದ್ದೆ. ಹದಿನೈದು ನಿಮಿಷದ ಮಾತು ಮುಗಿದ ಮೇಲೆ ಇದಕ್ಕೆ ಎರಡು ನಿಮಿಷ ಕೇಳಿಕೊಳ್ಳೋಣ ಎಂದುಕೊಂಡಿದ್ದೆ.

"ಅದನ್ನ ಬಿಟ್ಟುಬಿಡ್ರಿ. ತಿರುಗದಿದ್ರ ಮರ್ಯಾದಿ ಹೋಗ್ತೈತಿ," ಅಂದರು ಮೇಷ್ಟ್ರು.

"ತಿರುಗ್ತೈತ್ರಿ," ಅಂದರು ಅಣ್ಣ. "ಆದ್ರ ತಡ ಮಾಡತೈತಿ. ಅದು ನಿಮ್ಮ ಗಂಟಿ ಕೇಳಂಗಿಲ್ಲ."

ತಡ ಮಾಡಿದರೆ ಮಾಡಲಿ, ನಾನು ಸುಮ್ಮನೆ ಕಾಯಬೇಕಾಗಿಲ್ಲವಲ್ಲ! ಮೊದಲೇ ನೀರು ಹಾಕಿಬಿಟ್ಟು ಮಾತು ಮುಂದುವರಿಸಿದರೆ ಎರಡೂ ಒಟ್ಟಿಗೆ ನಡೆಯುತ್ತವೆ. ಇದನ್ನು ಹೇಳಿದ್ದೇ ತಡ, ಮೇಷ್ಟ್ರಿಗೂ ಹುಮ್ಮಸ್ಸು ಬಂತು. ತಮ್ಮ ಡಬ್ಬಿಯಿಂದ ಬಾಳೆಹಣ್ಣು ತೆಗೆದು ಒಂದು ತುಂಡು ಮುರಿದರು. "ಬೀಜ ಇದಕ್ಕ ಚುಚ್ಚರಿ, ಬಾಲ ಮ್ಯಾಲೆ ನಿಲ್ತೈತಿ. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಹಿಡದ್ರ ಪರದಿ ಮ್ಯಾಲೆ ನೆರಳು ಬೀಳ್ತೈತಿ. ಹಿಂದ ಕುಂತವ್ರಿಗೂ ಕಾಣತೈತಿ."

ಹನ್ನೆರಡೂ ಕಾಲಿಗೆ ನನ್ನನ್ನು ಕರೆದರು. ವಂದನೆ ಹೇಳಲಿಲ್ಲ. "ಕುರಿಗಾರ ಹುಲ್ಲಿನ ವಯಸ್ಸು ನೋಡುತ್ತಾನೆ" ಎಂದೇ ಶುರುಮಾಡಿದೆ. ಗುಸುಗುಸು ಮಾತಾಡುತ್ತಿದ್ದವರು ತಲೆ ಎತ್ತಿದರು. ಮೂರನೆಯ ನಿಮಿಷಕ್ಕೆ ಮೇಷ್ಟ್ರು ಖಾಲಿ ಬಿಳಿ ಸ್ಲೈಡು ಹಾಕಿ, ಬೀಜ ಚುಚ್ಚಿದ ಬಾಳೆಹಣ್ಣಿನ ತುಂಡನ್ನು ಬೆಳಕಿಗೆ ಅಡ್ಡ ಹಿಡಿದರು. ನಾನು ಬಾಲದ ತಿರುಚಿದ ಭಾಗಕ್ಕೆ ಬೆರಳಿನಿಂದ ನೀರು ಬಿಟ್ಟೆ. ಹನಿ ಜಾರಿ ಕೆಳಗೆ ಬಿತ್ತು. ಇನ್ನೊಂದು ಬಿಟ್ಟೆ, ಅದು ನಿಂತಿತು. ಪರದೆಯ ಮೇಲೆ ಬಾಗಿದ ಬಾಲದ ನೆರಳು ಅಲ್ಲಾಡದೆ ನಿಂತಿತ್ತು.

ನಾನು ಮಾತು ನಿಲ್ಲಿಸಲಿಲ್ಲ. ಜೋಳದ ಚಿಗುರಿನ ಕಥೆಗೆ ಬಂದೆ. ಜೋಳದ ಮಾತು ಅರ್ಧಕ್ಕೆ ಬಂದಿತ್ತು, ಮೊದಲ ಸಾಲಿನಲ್ಲಿದ್ದ ಒಬ್ಬ ಹೆಣ್ಣುಮಗಳು "ಅಯ್ಯಯ್ಯ, ತಿರಗ್ತದ ನೋಡ್ರಿ!" ಎಂದು ಕೂಗಿದಳು. ತಿರುಗಿ ನೋಡಿದೆ. ನೆರಳಿನಲ್ಲಿ ಬಾಲದ ಬಾಗಿದ ತುದಿ ಮೆಲ್ಲಗೆ ಗಿಡ್ಡವಾಗುತ್ತಿತ್ತು, ಆಮೇಲೆ ಇನ್ನೊಂದು ಪಕ್ಕಕ್ಕೆ ಉದ್ದವಾಗುತ್ತಿತ್ತು. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ಗಂಟೆ ಬಾರಿಸಬೇಕಾದ ಅಧ್ಯಾಪಕರೂ ಎದ್ದು ನಿಂತು ನೋಡುತ್ತಿದ್ದರು. ಚಪ್ಪಾಳೆಗೆ ಕೆಲವು ಸೆಕೆಂಡು ಹೋದವು. ಆರು ಮೂವತ್ತೈದರ ಮಾತಿನಲ್ಲಿ ಅದಕ್ಕೂ ಜಾಗವಿತ್ತು. ಕೊನೆಯ ಸಾಲು ಹೇಳಿ ಹೆಸರುಗಳ ಪಟ್ಟಿ ಹಾಕಿದಾಗ ಮೇಷ್ಟ್ರ ಫೋನಿನಲ್ಲಿ ಆರು ಐವತ್ತೆರಡು.

ಮೊದಲ ಪ್ರಶ್ನೆ ಒಬ್ಬ ಪಶುವೈದ್ಯರದು. "ಈ ಹುಲ್ಲಿಗೆ ಕುರಿ ಬಿಡೋದನ್ನ ಯಾವಾಗ ನಿಲ್ಲಸಬೇಕು ಅಂತ ಹೆಂಗ ಗೊತ್ತಾಗ್ತದ?"

ಉತ್ತರ ನನಗೆ ಗೊತ್ತಿತ್ತು. ಆದರೂ, "ನನಗ ಕಲಿಸಿದವ್ರು ಇಲ್ಲೇ ಅದಾರ," ಎಂದು ಅಣ್ಣನ ಕಡೆ ಕೈ ತೋರಿಸಿದೆ. ಅವರು ಗಾಬರಿಯಾಗಿ ಎದ್ದರು. ಮೈಕ್ ಕೈಗೆ ಕೊಟ್ಟಾಗ ಅದನ್ನು ಬಾಯಿಂದ ಒಂದು ಮೊಳ ದೂರ ಹಿಡಿದರು.

"ತೆನಿ ಹಸರ ಇರೋ ತನಕ ಬಿಡತೀವ್ರಿ. ಬಾಲ ಕಂದಗಾಗಿ ಒಂದಕ್ಕೊಂದು ಹೆಣಕೊಂತಂದ್ರ ಆ ಕಡಿ ಕುರಿ ತಿರುಗಸಂಗಿಲ್ರಿ."

ಎರಡೇ ವಾಕ್ಯ. ಅದೇ ಮಾತನ್ನು ನಾನು ಎಂಟನೆಯ ಪುಟದಲ್ಲಿ ಹನ್ನೊಂದು ಸಾಲು ಬರೆದಿದ್ದೆ. ಪಶುವೈದ್ಯರು ಪೆನ್ನು ತೆಗೆದು ಬರೆದುಕೊಂಡರು.

ಊಟದ ಹೊತ್ತಿಗೆ ಅಣ್ಣನ ಸುತ್ತ ಗುಂಪು ಸೇರಿತ್ತು. ಒಬ್ಬೊಬ್ಬರೂ ಬೀಜ ಇಸಿದುಕೊಂಡು, ಎಂಜಲು ಹಚ್ಚಿ, ಅಂಗೈ ಮೇಲೆ ತಿರುಗಿಸಿ ನೋಡುತ್ತಿದ್ದರು. ನಾನು ತಟ್ಟೆ ಹಿಡಿದು ನಿಂತಿದ್ದೆ, ಹಸಿವೇ ಇರಲಿಲ್ಲ. ಯಾರಾದರೂ ಈಗಲೇ ಮತ್ತೊಂದು ಸಲ ಮಾತಾಡಿ ಅಂದಿದ್ದರೆ ಓಡಿಹೋಗಿ ವೇದಿಕೆ ಹತ್ತುತ್ತಿದ್ದೆ.

ಮುಂದಿನ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲಿ ಶಿಕ್ಷಕರ ಸಭೆಗೆ ಕರೆದರು. ಇಪ್ಪತ್ತು ನಿಮಿಷ ಕೊಟ್ಟಿದ್ದರು. ಮೂರು ಊರಿನ ಹೆಸರುಗಳ ಆರನೆಯ ಪುಟವನ್ನು ಚೀಲದಿಂದ ತೆಗೆದು ಎರಡು ದಿನ ಮೇಜಿನ ಮೇಲಿಟ್ಟು ನೋಡಿದೆ. ಅದು ಹುಲ್ಲಿನ ವಯಸ್ಸಿನ ಮಾತಿನೊಳಗೆ ಕೂರುವುದಿಲ್ಲ, ಅದಕ್ಕೆ ಬೇರೆಯೇ ಒಂದು ಮಾತು ಬೇಕು ಎನಿಸಿತು. ಸಭೆಯಲ್ಲಿ ಒಂಬತ್ತು ನಿಮಿಷ ಮಾತಾಡಿ, ಉಳಿದ ಹನ್ನೊಂದನ್ನು ಪ್ರಶ್ನೆಗಳಿಗೆ ಬಿಟ್ಟೆ.