ಹಾಲಿನ ಕ್ಯಾನಿನಲ್ಲಿ ಬಂದ ಮೀನು

ಆ ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುತ್ತೇನೆಂದು ಹೋದ ನನ್ನ ಮೈದುನ ಒಂಬತ್ತು ಗಂಟೆಯಾದರೂ ಮನೆಗೆ ಬರಲಿಲ್ಲ. ಅಂತರಸಂತೆ ಕಡೆಯ ನಮ್ಮೂರಿನಿಂದ ಕಬಿನಿ ಹಿನ್ನೀರು ಬೈಕಿನಲ್ಲಿ ಹೋದರೆ ದೂರವೇನಲ್ಲ. ಹಾಲು ಹಾಕಿದವನು ಅಲ್ಲಿಂದ ಹಾಗೆಯೇ ದಡಕ್ಕೆ ಹೋಗಿದ್ದಾನೆ. ಬಂದಾಗ ಬೈಕಿನ ಪಕ್ಕದಲ್ಲಿ ನೇತಾಡುತ್ತಿದ್ದ ನಮ್ಮ ಸ್ಟೀಲ್ ಕ್ಯಾನಿನಿಂದ ಪಟಪಟ ಸದ್ದು. ಮುಚ್ಚಳ ತೆಗೆದರೆ ನೀರಿನೊಳಗೆ ನಾಲ್ಕು ಜಿಲೇಬಿ ಮೀನು ಬಾಲ ಬಡಿಯುತ್ತಿದ್ದವು.

"ಹಾಲಿನ ಕ್ಯಾನಿಗೆ ಮೀನ್ ಹಾಕ್ಕಂಡ್ ಬಂದಿದ್ದೀಯಲ್ಲ, ಬುದ್ಧಿ ಅದಾ ನಿಂಗೆ?" ಎಂದೆ.

"ಕವರ್‌ನಲ್ಲಿ ತಂದ್ರೆ ದಾರೀಲೇ ಸತ್ತೋಯ್ತಿದ್ವು ಕಣತ್ತಿಗೆ. ಜೀವ ಇರೋ ಮೀನಿನ ರುಚಿನೇ ಬ್ಯಾರೆ. ತೊಳುದ್ರೆ ಓಯ್ತದೆ ಬುಡಿ" ಎಂದು ಕ್ಯಾನನ್ನು ನನ್ನ ಕೈಗಿಟ್ಟು ಒಳಗೆ ಹೋದ.

ತೊಳೆದರೆ ಹೋಗುತ್ತದೆ ಎನ್ನುವವರು ಯಾರೂ ತೊಳೆಯುವವರಲ್ಲ. ಮದುವೆಯಾಗಿ ಈ ಮನೆಗೆ ಬಂದು ಹದಿನಾರು ವರ್ಷವಾಯಿತು. ಅಷ್ಟರಲ್ಲಿ ನಾನು ಕಲಿತ ಸತ್ಯ ಇದೊಂದೇ ಇರಬೇಕು.

ಹಿತ್ತಲಿನ ಕಲ್ಲಿನ ಮೇಲೆ ಬೂದಿ ಹಾಕಿ ಮೀನು ಉಜ್ಜಿ, ಪೊರೆ ತೆಗೆದು, ಹೊಟ್ಟೆ ಸೀಳಿ ತುಂಡು ಮಾಡಿದೆ. ಮಸಾಲೆಗೆ ಒಂದು ಮೊರ ಈರುಳ್ಳಿ ಹೆಚ್ಚಿದೆ. ನಾನು ಒಳಗೆ ಮಸಾಲೆ ರುಬ್ಬುವಷ್ಟರಲ್ಲಿ ಅತ್ತೆ ಮೀನಿನ ತುಂಡುಗಳಿಗೆ ಉಪ್ಪು ಅರಿಶಿನ ಕಲೆಸಿಟ್ಟಿದ್ದರು. ಹುಣಸೆಹುಳಿ ಹಿಂಡಿ ಸಾರು ಮಾಡಿ ಮುದ್ದೆ ಕಟ್ಟಿದೆ. ಎಲ್ಲರೂ ಬೆರಳು ಚೀಪಿಕೊಂಡು ಉಂಡರು. ಉಂಡವರು ಮಲಗಿದರು. ನಾನು ಕ್ಯಾನಿನ ಮುಂದೆ ಕೂತೆ.

ಬೇಗ ಮುಗಿಯಲಿ ಎಂದು ಒಲೆಯ ಮೇಲಿದ್ದ ಕುದಿಯುವ ನೀರನ್ನೇ ಸುರಿದೆ. ಸೋಪಿನ ಪುಡಿ ಹಾಕಿ ಮೊಣಕೈವರೆಗೆ ಕೈ ಇಳಿಸಿ ಉಜ್ಜಿದೆ. ಕನ್ನಡಿಯ ಹಾಗೆ ಹೊಳೆಯಿತು. ಸಂಜೆ ಹಸು ಕರೆದು, ಹಾಲು ತುಂಬಿಕೊಂಡು ನಾನೇ ಡೈರಿಗೆ ಹೋದೆ.

ನಮ್ಮೂರ ಡೈರಿಯಲ್ಲಿ ಹಾಲು ಅಳೆಯುವಾಕೆ ಮೊದಲು ಮುಚ್ಚಳ ತೆಗೆದು ಮೂಸುತ್ತಾಳೆ. ಆಮೇಲೆ ಮಿಕ್ಕಿದ್ದು. ಅವಳು ನಮ್ಮ ಕ್ಯಾನಿಗೆ ಮುಖ ಬಗ್ಗಿಸಿದವಳು ತಟ್ಟನೆ ಹಿಂದಕ್ಕೆ ಸರಿದಳು.

"ಏನಕ್ಕ, ಇವತ್ತು ಮನೇಲಿ ಮೀನಾ?"

ಸಾಲಿನಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹಿಂದಿದ್ದ ಒಬ್ಬಳು, "ಹಸೂಗೂ ಒಂದ್ ತುಂಡ್ ಕೊಟ್ಟಿದ್ರೇನೋ" ಎಂದಳು.

"ಇದನ್ನ ಸುರುದ್ರೆ ಎಲ್ರ ಹಾಲೂ ಕೆಡ್ತದೆ ಕಣಕ್ಕ. ಬ್ಯಾಸ್ರ ಮಾಡ್ಕಬ್ಯಾಡಿ, ಮನೆಗೆ ತಕ್ಕಂಡೋಗಿ" ಎಂದು ಅಳೆಯುವಾಕೆ ಕ್ಯಾನನ್ನು ಹಿಂದಕ್ಕೆ ತಳ್ಳಿದಳು.

ಅವಳದೇನೂ ತಪ್ಪಿರಲಿಲ್ಲ. ಆದರೂ ಆ ಬೀದಿಯಲ್ಲಿ ತುಂಬಿದ ಕ್ಯಾನ್ ಹಿಡಿದು ವಾಪಸು ನಡೆಯುವಾಗ ನನ್ನ ಕಿವಿ ಬಿಸಿಯಾಗಿತ್ತು. ಖಾಲಿ ಕ್ಯಾನ್ ಹಿಡಿದು ಬರಬೇಕಾದ ದಾರಿ ಅದು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು.

"ಬಿಸ್ನೀರ್ ಯಾಕವ್ವ ಹಾಕ್ದೆ? ಮೀನಿನ ಲೋಳೆ ಬೆಂದು ಪಾತ್ರೆಗೆ ಕಚ್ಕತದೆ. ಮೊದ್ಲು ತಣ್ಣೀರು, ಆಮೇಲೆ ಹುಣಸೆಹಣ್ಣು, ಕಡೇಲಿ ಬಿಸ್ನೀರು. ನಾನ್ ಹೇಳ್ಕೊಟ್ಟಿಲ್ವಾ?"

ಹೇಳಿಕೊಟ್ಟಿದ್ದರು. ಆದರೆ ನಾನು ಉಜ್ಜುವಾಗ ಅವರು ಮಲಗಿದ್ದರಲ್ಲ. ಸಿಟ್ಟು ನುಂಗಿಕೊಂಡು ಕ್ಯಾನಿಗೆ ತಣ್ಣೀರು ಹಾಕಿ ಉಜ್ಜಿ, ಹುಣಸೆಹಣ್ಣು ಕಿವುಚಿದ ನೀರನ್ನು ಒಳಗೆಲ್ಲ ಸವರಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದು, ಬೋರಲು ಹಾಕಿದೆ. ವಾಪಸು ಬಂದ ಹಾಲನ್ನು ಏನು ಮಾಡುವುದೆಂದು ಯೋಚಿಸುತ್ತಿದ್ದರೆ ಅತ್ತೆ ಅದರಲ್ಲೇ ಕಾಫಿ ಮಾಡಿಕೊಂಡು ಕುಡಿಯುತ್ತ ಕೂತಿದ್ದರು.

"ಏನೂ ಆಗಿಲ್ಲ ಕಣೆ ಈ ಹಾಲಿಗೆ. ಆ ಡೈರಿಯವಳಿಗೆ ಕೊಬ್ಬು" ಎಂದರು.

ನಾನು ಒಂದು ಗುಟುಕು ಕುಡಿದು ಹಿತ್ತಲಿಗೆ ಓಡಿ ಉಗಿದೆ. ನನ್ನನ್ನು ಅಣಕಿಸಲೆಂದೇ ಹೀಗೆ ಮಾಡುತ್ತಿದ್ದಾರೆ ಅನ್ನಿಸಿ ಮೈ ಉರಿಯಿತು. ಉಳಿದ ಹಾಲನ್ನು ನಾಯಿಗೆ ಸುರಿದೆ. ಮೀನಿನ ವಾಸನೆಯೆಂದರೆ ಅದಕ್ಕೆ ಹಬ್ಬ.

ಸೋಮವಾರ ಬೆಳಿಗ್ಗೆ ನಮ್ಮ ಕ್ಯಾನಿನ ಸಹವಾಸವೇ ಬೇಡವೆಂದು ಪಕ್ಕದ ಮನೆಯ ಕ್ಯಾನ್ ಇಸಿದುಕೊಂಡೆ. ನನ್ನ ಕೈ ಮೂಸಿಕೊಂಡರೆ ಇನ್ನೂ ಈರುಳ್ಳಿ, ಮೀನು ಎರಡೂ ಇದ್ದವು. ನಿಂಬೆಹಣ್ಣು ಕೊಯ್ದು ಬೆರಳ ಸಂದಿಗೆಲ್ಲ ತಿಕ್ಕಿ, ತೊಳೆದು ಹಸು ಕರೆದೆ. ಡೈರಿಯಾಕೆ ಮುಚ್ಚಳ ತೆಗೆದಳು. ಈ ಸಲ ಹಿಂದಕ್ಕೆ ಸರಿಯಲಿಲ್ಲ. ಎರಡು ಸಲ ಮೂಸಿ ನನ್ನ ಮುಖ ನೋಡಿದಳು.

"ನಿನ್ನೆಯಷ್ಟಿಲ್ಲ ಕಣಕ್ಕ. ಆದ್ರೂ ಅದೆ."

"ಕ್ಯಾನ್ ನಮ್ದಲ್ಲ ಕಣವ್ವ! ಅವ್ರ ಮನೇಲಿ ಮೀನೇ ತಿನ್ನಕಿಲ್ಲ!" ನನ್ನ ದನಿ ನನಗೇ ಕಿರುಚಿದಂತೆ ಕೇಳಿಸಿತು.

"ಅಂಗಾದ್ರೆ ಕೈಯಾಗಿರ್ಬೇಕು, ನೋಡ್ಕಳಿ" ಎಂದು ಮತ್ತೆ ಕ್ಯಾನನ್ನು ತಳ್ಳಿದಳು.

ಮನೆಗೆ ಬಂದು ಜಗಲಿಯ ಮೇಲೆ ಕೂತು ಕೈ ಮೂಸಿದೆ. ನಿಂಬೆಯ ವಾಸನೆ ಬಂತು. ಅದರ ಅಡಿಯಲ್ಲಿ ಹೊಸದಾಗಿ ಮೀನು! ತೊಳೆದ ಮೇಲೆ ಕಡಿಮೆಯಾಗಬೇಕಾದ್ದು ಹೆಚ್ಚಾಗಿತ್ತು. ಎದ್ದುಹೋಗಿ ನಿಂಬೆ ಕೊಯ್ದ ಚಾಕು ತೆಗೆದು ಮೂಸಿದೆ. ಭಾನುವಾರ ಮೀನು ಸೀಳಿದ್ದು ಅದರಲ್ಲೇ. ಅಲಗು ಹೊಳೆಯುತ್ತಿತ್ತು, ಆದರೆ ಮರದ ಹಿಡಿಗೆ ಅಲಗು ಸೇರುವ ಸಂದಿಯಲ್ಲಿ ಒಂದು ಪೊರೆ ಸಿಕ್ಕಿಕೊಂಡು ಒಣಗಿತ್ತು. ಆ ಚಾಕುವಿನಿಂದ ಕೊಯ್ದ ನಿಂಬೆಯನ್ನು ವಾಸನೆ ಹೋಗಲೆಂದು ಕೈಗೆ ತಿಕ್ಕಿಕೊಂಡಿದ್ದೆ. ಮೈದುನನಿಗೆ ಬುದ್ಧಿ ಇಲ್ಲವೆಂದು ಬೈದವಳು ನಾನು.

ಸೂಜಿಯ ತುದಿಯಿಂದ ಆ ಸಂದಿ ಕೆರೆದೆ. ಹಳೆಯ ಹಲ್ಲುಜ್ಜುವ ಬ್ರಷ್‌ಗೆ ಸೋಪು ಹಚ್ಚಿ ಉಜ್ಜಿದೆ, ಹುಣಸೆಹುಳಿ ಸವರಿ ತೊಳೆದೆ, ಮರ ನೀರು ಕುಡಿಯದಂತೆ ತಕ್ಷಣ ಒರೆಸಿ ಬಿಸಿಲಿಗಿಟ್ಟೆ. ಕೈಗೆ ಉಪ್ಪು ಹಾಕಿಕೊಂಡು ತಿಕ್ಕಿದೆ. ಯಾರೋ ಫೋನಿನಲ್ಲಿ ತೋರಿಸಿದ್ದರೆಂದು ನನ್ನ ಮಗಳು ಒಂದು ಸ್ಟೀಲ್ ಚಮಚ ತಂದುಕೊಟ್ಟು, ನಲ್ಲಿ ಬಿಟ್ಟುಕೊಂಡು ಅದನ್ನು ಬೆರಳಿಗೆ ಉಜ್ಜಿಕೋ ಎಂದಳು. ಹುಚ್ಚಿಯ ಹಾಗೆ ಚಮಚ ಉಜ್ಜುತ್ತ ನಿಂತೆ. ಈರುಳ್ಳಿಯ ಘಾಟು ಸ್ವಲ್ಪ ಇಳಿಯಿತು, ಸುಳ್ಳು ಹೇಳಬಾರದು. ಆದರೆ ಉಗುರಿನ ಅಡಿಯಲ್ಲಿದ್ದದ್ದು ಚಮಚಕ್ಕೆ ಹೆದರಲಿಲ್ಲ. ಉಗುರು ಕತ್ತರಿಸಿ, ಬೇರೆ ಕತ್ತಿಯಲ್ಲಿ ಕೊಯ್ದ ನಿಂಬೆಯ ಹೋಳಿಗೆ ಬೆರಳ ತುದಿಗಳನ್ನು ಒತ್ತಿ ಹಿಡಿದ ಮೇಲೆ ಕೈ ನನ್ನದಾಯಿತು.

ಸಂಜೆ ಇನ್ನೊಂದು ಸಲ ನಗೆಪಾಟಲಾಗುವ ಮನಸ್ಸಿರಲಿಲ್ಲ. ಹಸುವಿನ ಹತ್ತಿರ ಕೂತು ಮೊದಲ ಹಾಲನ್ನು ಒಂದು ಗಾಜಿನ ಲೋಟಕ್ಕೆ ಕರೆದು ಮೂಸಿದೆ. ಬೆಚ್ಚನೆಯ ಹಾಲಿನ ವಾಸನೆ, ಮತ್ತೇನೂ ಇಲ್ಲ. ಅಂದರೆ ಹಸುವೂ ಸರಿ, ಕೈಯೂ ಸರಿ. ಆಮೇಲೆ ಯಾವಾಗಲೂ ಹಾಲು ಕರೆಯುವ ಸ್ಟೀಲ್ ಚೊಂಬಿಗೆ ನಾಲ್ಕು ಸಲ ಕರೆದು ಮೂಗಿನ ಹತ್ತಿರ ಹಿಡಿದೆ.

ಮೀನು!

ಚೊಂಬಿಗೂ ಮೀನಿಗೂ ಎಲ್ಲಿಯ ನೆಂಟಸ್ತನ? ಬೆಳಕಿಗೆ ಹಿಡಿದು ನೋಡಿದೆ. ಬಾಯಿಯ ಅಂಚನ್ನು ಹೊರಕ್ಕೆ ಸುರುಳಿ ಮಡಚಿರುತ್ತಾರಲ್ಲ, ಆ ಮಡಿಕೆಯೊಳಗೆ ಅರಿಶಿನದ ಹಳದಿ ಗೆರೆ. ಆಗ ಹೊಳೆಯಿತು. ಭಾನುವಾರ ಅತ್ತೆ ಮೀನಿನ ತುಂಡು ಕಲೆಸಿಟ್ಟದ್ದು ಇದರಲ್ಲೇ.

ಚೊಂಬು ಹಿಡಿದು ಒಳಗೆ ನುಗ್ಗಿದೆ.

"ಹಾಲ್ ಕರಿಯೋ ಚೊಂಬಲ್ಲಿ ಮೀನ್ ಕಲಸಿಟ್ಟಿದ್ರಾ ಅತ್ತೆ?"

ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಕೈಗೆ ಸಿಕ್ತು, ಕಲಸ್ದೆ. ಚೆನ್ನಾಗಿ ತೊಳ್ದೇ ಇಟ್ಟಿದ್ನಲ್ಲ."

"ತೊಳ್ದು ಮೂಸಿ ನೋಡ್ಬಾರ್ದಾ? ಎರಡ್ ಹೊತ್ತು ನಾನು ಬೀದೀಲಿ ತಲೆ ತಗ್ಸ್ಕಂಡ್ ಬಂದಿದ್ದೀನಿ. ಕ್ಯಾನ್ ತಿಕ್ದೆ, ಚಾಕು ತಿಕ್ದೆ, ಕೈ ಚರ್ಮ ಕಿತ್ತೋಗೋ ಅಂಗೆ ತಿಕ್ಕಂಡೆ. ಮೂಗಿಲ್ವಾ ನಿಮ್ಗೆ?"

ಹದಿನಾರು ವರ್ಷದಲ್ಲಿ ಅಷ್ಟು ಜೋರಾಗಿ ಅವರೊಡನೆ ಮಾತಾಡಿರಲಿಲ್ಲ. ಅತ್ತೆ ಸೊಪ್ಪು ಪಕ್ಕಕ್ಕಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆತ್ತಗೆ ಹೇಳಿದರು.

"ಇಲ್ಲ ಕಣವ್ವ. ಆ ಜ್ವರ ಬಂದಿತ್ತಲ್ಲ, ಅವತ್ತಿಂದ ನಂಗೆ ಯಾವ ವಾಸ್ನೇನೂ ಬರಕಿಲ್ಲ."

ಆ ಜ್ವರ ಬಂದು ಎರಡು ವರ್ಷದ ಮೇಲಾಗಿತ್ತು.

"ಮತ್ತೆ ಸಾರು ಚೆನ್ನಾಗದೆ ಅಂತಿದ್ರಿ?"

"ಉಪ್ಪು, ಹುಳಿ, ಖಾರ ನಾಲಿಗೆಗೆ ಗೊತ್ತಾಯ್ತದೆ. ಮಿಕ್ಕಿದ್ದು ನಿನ್ ಮುಖ ನೋಡ್ಕಂಡು ಹೇಳ್ತೀನಿ."

ನನಗೆ ಒಂದೊಂದೇ ನೆನಪಾಯಿತು. ನಿನ್ನೆಯ ಕಾಫಿ. ಹೋದ ಬೇಸಿಗೆಯಲ್ಲಿ ತಳ ಹಿಡಿದು ಹೊಗೆಯಾಡಿದ ಬೇಳೆಯ ಮುಂದೆಯೇ ಸುಮ್ಮನೆ ಕೂತಿದ್ದದ್ದು. ನನಗೆ ಮೀನು ಉಜ್ಜಲು, ಸಾರಿನ ಹದ ಮೂಗಿನಲ್ಲೇ ಹಿಡಿಯಲು ಕಲಿಸಿದವರು ಇವರು. ಒಲೆಯ ಮುಂದಿನ ಯಜಮಾನಿಕೆ ಕೈತಪ್ಪೀತೆಂದು ಎರಡು ವರ್ಷ ಬಾಯಿ ಬಿಟ್ಟಿರಲಿಲ್ಲ. ಪಾಪ ಅನ್ನಿಸಿತು. ಪಾಪದ ಜೊತೆಗೇ ಸಿಟ್ಟೂ ಬಂತು. ಒಂದು ಮಾತು ಹೇಳಿದ್ದರೆ ನನ್ನ ಎರಡು ದಿನ ಉಳಿಯುತ್ತಿರಲಿಲ್ಲವೇ?

"ಯಾರ್ಗೂ ಹೇಳ್ಬ್ಯಾಡ ಕಣವ್ವ" ಎಂದರು.

"ತಾಲ್ಲೂಕಾಸ್ಪತ್ರೆಗೆ ತೋರ್ಸಣ. ಕೋಟೆಗೆ ಓಗಿದ್ ಬರಣ" ಎಂದೆ.

"ವಯಸ್ಸಾದ್ಮೇಲೆ ಮೂಗ್ ತಕ್ಕಂಡು ಏನ್ ಮಾಡ್ಲಿ? ಬುಡು."

ಆ ಹೊತ್ತಿಗೆ ಹಸು ಅರ್ಧ ಕರೆದದ್ದು ನೆನಪಾಗಿ ಓಡಿದೆ. ಬೇರೊಂದು ಪಾತ್ರೆಗೆ ಕರೆದು ಡೈರಿಗೆ ಒಯ್ದೆ. ಅಳೆಯುವಾಕೆ ಮೂಸಿದಳು, ಏನೂ ಮಾತಾಡದೆ ಸುರಿದುಕೊಂಡಳು. ಎರಡು ಹೊತ್ತು ಬೀದಿಗೆಲ್ಲ ಕೇಳುವಂತೆ ಹೇಳಿದವಳು ಈಗ "ಸರಿಯಾಯ್ತು ಕಣಕ್ಕ" ಎಂದಾದರೂ ಹೇಳಬಾರದೇ?

ಚೊಂಬನ್ನು ಅತ್ತೆಯೇ ತೊಳೆದರು. ತಣ್ಣೀರು, ಸೋಪು, ಅಂಚಿನ ಮಡಿಕೆಯೊಳಗೆ ಬ್ರಷ್, ಹುಣಸೆಹುಳಿ, ಕಡೆಗೆ ಬಿಸಿನೀರು. ಬಿಸಿನೀರು ಹಾಕಿ ತಟ್ಟೆ ಮುಚ್ಚಿ, ಸ್ವಲ್ಪ ಹೊತ್ತಿನ ಮೇಲೆ ನನ್ನ ಮೂಗಿಗೆ ಹಿಡಿದು ತಟ್ಟೆ ತೆಗೆಯುತ್ತಿದ್ದರು. ಅಡಗಿರುವ ವಾಸನೆ ಆವಿಯಲ್ಲಿ ಎದ್ದುಬರುತ್ತದೆ. ಮೊದಲ ಸಲ ಬಂತು. ಎರಡನೆಯ ಸಲವೂ ಒಂದೆಳೆ ಬಂತು. ಮೂರನೆಯ ಸಲ ಬರಲಿಲ್ಲ. ಬಿಸಿಲಿನಲ್ಲಿ ಒಂದು ದಿನ ಬೋರಲು ಬಿದ್ದುಕೊಂಡಿದ್ದ ಮೇಲೆ ಅದು ಮತ್ತೆ ಹಸುವಿನ ಹತ್ತಿರ ಹೋಯಿತು.

ಮೀನಿಗೆಂದು ಬೇರೆ ಚಾಕು, ಕಲೆಸಲು ಬೇರೆ ಬೋಸಿ, ಮುಚ್ಚಳವಿರುವ ಒಂದು ಹಳೆಯ ಪೇಂಟ್ ಡಬ್ಬ ಹಿತ್ತಲ ಗೂಡಿನಲ್ಲಿ ಇಟ್ಟೆ. ಮೈದುನ ಈಗ ಆ ಡಬ್ಬ ಕಟ್ಟಿಕೊಂಡೇ ದಡಕ್ಕೆ ಹೋಗುತ್ತಾನೆ; ತೊಳೆಯುವುದೂ ಅವನೇ. ಮೊದಲ ಸಲ ತೊಳೆದು ಬಂದವನು ಅರ್ಧ ಗಂಟೆ ಕೈ ಮೂಸಿಕೊಂಡು ತಿರುಗಾಡಿದ.

ಅತ್ತೆಯ ವಿಷಯ ಯಾರಿಗೂ ಹೇಳಿಲ್ಲ. ಅದರ ಶಿಕ್ಷೆ ನಾನೊಬ್ಬಳೇ ಅನುಭವಿಸುತ್ತಿದ್ದೇನೆ. ಅವರೀಗ ಮನೆಯಲ್ಲಿ ಏನು ತೊಳೆದರೂ ತಂದು ನನ್ನ ಮೂಗಿಗೆ ಹಿಡಿಯುತ್ತಾರೆ. ಚೊಂಬು ಸರಿ, ಕ್ಯಾನ್ ಸರಿ. ನೀರು ಕುಡಿದ ಲೋಟ, ಉಪ್ಪಿನ ಡಬ್ಬ, ಈರುಳ್ಳಿ ಹೆಚ್ಚಿದ ತಮ್ಮ ಕೈ, ಎಲ್ಲವೂ ಬರುತ್ತವೆ. ನಾನು ಸ್ನಾನಕ್ಕೆ ಹೋದರೆ ಬಾಗಿಲು ಬಡಿಯುತ್ತಾರೆ. ಮೊನ್ನೆ ತಲೆಗೆ ನೀರು ಹಾಕಿಕೊಂಡು ಕಣ್ಣಲ್ಲಿ ಸೋಪು ತುಂಬಿದ್ದಾಗಲೇ ಬಾಗಿಲ ಸಂದಿಯಿಂದ ಒಂದು ಸೌಟು ಒಳಗೆ ಬಂತು.

"ಒಂದ್ ಸಲ ಮೂಸವ್ವ, ಬಿರ್ನೆ."

"ಅತ್ತೆ, ಬಟ್ಟೆ ಆದ್ರೂ ಆಕ್ಕತೀನಿ ಇರಿ!" ಎಂದು ಅರಚಿದೆ.

ಸೌಟು ಅಲ್ಲಾಡಲಿಲ್ಲ. ಮೂಸಿದೆ. ಏನೂ ಇರಲಿಲ್ಲ. ಇಲ್ಲವೆಂದು ಹೇಳಿದ ಮೇಲೆಯೇ ಹೋದರು.